ಅಕ್ಕನೇ ಕೊಟ್ಟರೆ ತಪ್ಪೇನು?

ಒಂಬತ್ತನೇ ತರಗತಿಯ ಮಕ್ಕಳಿಗೆ ಕೃತಿಚೌರ್ಯದ ಬಗ್ಗೆ ಹೇಳುವಾಗ ಅಂಕ ಕಡಿತದ ಮಾತನ್ನು ನಾನು ಮೊದಲು ಎತ್ತುವುದಿಲ್ಲ. ಎತ್ತಿದರೆ ಅವರ ಗಮನವೆಲ್ಲ ಸಿಕ್ಕಿಬೀಳದಿರುವುದು ಹೇಗೆ ಎಂಬ ಕಡೆಗೇ ಹೋಗುತ್ತದೆ. ನಮ್ಮ ತರಗತಿಯಲ್ಲೇ ನಡೆದ ಒಂದು ಪ್ರಸಂಗವನ್ನು ಅವರ ಮುಂದಿಡುತ್ತೇನೆ.

ಬೆಳ್ಳಂದೂರು ಕೆರೆಯನ್ನು ನೋಡಿಕೊಂಡು ಬಂದು ಬರೆಯಿರಿ ಎಂದು ಸಮಾಜ ವಿಜ್ಞಾನದ ಪ್ರಾಜೆಕ್ಟ್ ಕೊಟ್ಟಿದ್ದೆ. ಎಲ್ಲರೂ ಬರೆದದ್ದನ್ನು ಸೇರಿಸಿ, ಕೆರೆ ಈಗ ಹೇಗಿದೆ ಎಂದು ತೋರಿಸುವ ಒಂದು ದೊಡ್ಡ ಚಾರ್ಟ್ ಮಾಡುವ ಯೋಜನೆ. ಒಬ್ಬ ಹುಡುಗನ ಬರಹ ಸೊಗಸಾಗಿತ್ತು: ನೊರೆ ಗಾಳಿಗೆ ಎದ್ದು ರಸ್ತೆಗೆ ಬರುತ್ತದೆ, ಸ್ಕೂಟರ್ ಸವಾರರು ಮುಖ ಮುಚ್ಚಿಕೊಂಡು ಓಡಿಸುತ್ತಾರೆ, ಕಣ್ಣು ಉರಿಯುತ್ತದೆ. ಒಬ್ಬ ಹುಡುಗಿ ಬರೆದದ್ದು ಅರ್ಧ ಪುಟ, ಅದರಲ್ಲೂ ಕಾಗುಣಿತದ ತಪ್ಪುಗಳು. ನೀರು ಹೆಚ್ಚಿಲ್ಲ, ಜೆಸಿಬಿಗಳು ಹೂಳು ತೆಗೆಯುತ್ತಿವೆ, ನೊರೆ ಕಾಣಲಿಲ್ಲ ಎಂದಿದ್ದಳು. ಎರಡೂ ನಿಜವಾಗಿರಲು ಸಾಧ್ಯವಿಲ್ಲವಲ್ಲ. ಚಾರ್ಟ್ ಮಾಡುತ್ತಿದ್ದ ಗುಂಪು ಹುಡುಗನ ಬರಹವನ್ನೇ ನಂಬಿ ‘ನೊರೆ: ಇದೆ’ ಎಂದು ಬರೆದುಬಿಟ್ಟಿತು. ಹುಡುಗಿ ಕೆರೆಗೆ ಹೋಗಿಯೇ ಇಲ್ಲ ಎಂದು ಒಂದಿಬ್ಬರು ಕಿಚಾಯಿಸಿದರು.

ಅವಳು ಅಪ್ಪನ ಮೊಬೈಲ್‌ನಲ್ಲಿ ತೆಗೆದಿದ್ದ ಚಿತ್ರಗಳನ್ನು ತಂದು ತೋರಿಸಿದಳು. ನಾನು ಹುಡುಗನನ್ನು ಪಕ್ಕಕ್ಕೆ ಕರೆದು, ಯಾವ ದಿನ ಹೋಗಿದ್ದೆ, ಯಾವ ಬದಿಯಲ್ಲಿ ನಿಂತು ನೋಡಿದೆ ಎಂದಷ್ಟೇ ಕೇಳಿದೆ. ಉತ್ತರ ಬರಲಿಲ್ಲ. ಅದು ಅವನ ಅಕ್ಕ 2015ರಲ್ಲಿ, ಕೆರೆಯ ನೊರೆ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿದ್ದ ಕಾಲದಲ್ಲಿ, ತನ್ನ ಪ್ರಾಜೆಕ್ಟಿಗೆಂದು ಬರೆದದ್ದು.

“ಅಕ್ಕನೇ ಕೊಟ್ಟಳು ಮೇಡಂ, ಕದ್ದಿಲ್ಲ. ಯಾರಿಗೆ ಏನು ನಷ್ಟ?” ಎಂದ. ಒಳ್ಳೆಯ ಪ್ರಶ್ನೆ. ಇದಕ್ಕೆ ಸರಿಯಾಗಿ ಉತ್ತರಿಸದೆ ‘ನಕಲು ತಪ್ಪು’ ಎಂದು ಗದರಿಸುವುದರಲ್ಲಿ ಅರ್ಥವಿಲ್ಲ. ಆ ಪ್ರಶ್ನೆಯನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ಅವನ ಹೆಸರು ಬರೆಯಲಿಲ್ಲ.

ಅಕ್ಕನಿಗೆ ನಷ್ಟವಿಲ್ಲ, ಒಪ್ಪಬಹುದು. ಆದರೆ ಅವಳು ತನ್ನ ಬರಹವನ್ನು ಕೊಡಬಲ್ಲಳೇ ಹೊರತು, ನಮ್ಮನ್ನು ನಂಬಿಸಲು ತಮ್ಮನಿಗೆ ಅನುಮತಿ ಕೊಡಲಾರಳು. ಬರಹದ ಮೇಲೆ ಅವನ ಹೆಸರಿದ್ದುದರಿಂದ, ಇದನ್ನು ಅವನೇ ಈಚೆಗೆ ನೋಡಿ ಬಂದಿದ್ದಾನೆ ಎಂದು ಓದಿದವರು ತಿಳಿದರು. ಆ ನಂಬಿಕೆಯ ಮೇಲೆಯೇ ಚಾರ್ಟ್ ತಪ್ಪಾಯಿತು, ಕಂಡದ್ದನ್ನು ಕಂಡ ಹಾಗೆ ಬರೆದವಳು ಸುಳ್ಳುಗಾತಿಯಾದಳು. ಶಾಲೆಯಲ್ಲಿ ನಕಲಿನ ವಿರುದ್ಧ ಒಂದು ನಿಯಮವೂ ಇಲ್ಲದಿದ್ದರೂ ಅವಳಿಗೆ ಆದ ಅನ್ಯಾಯ ಅಷ್ಟೇ ಇರುತ್ತಿತ್ತು.

ಇಷ್ಟಾದರೂ ಕಾನೂನನ್ನು ಹಿಡಿದುಕೊಳ್ಳುವ ಮಕ್ಕಳು ಇದ್ದೇ ಇರುತ್ತಾರೆ. ಅವರಿಗೆ ವಚನದ ಉದಾಹರಣೆ ಕೊಡುತ್ತೇನೆ. ಭಾರತದಲ್ಲಿ ಪುಸ್ತಕದ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. 12ನೇ ಶತಮಾನದ ಬಸವಣ್ಣನವರ ವಚನವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಹಾಗಾದರೆ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ತೆಗೆದು, ಕೆಳಗೆ ನಿನ್ನ ಹೆಸರು ಹಾಕಿ ಶಾಲೆಯ ವಾರ್ಷಿಕ ಸಂಚಿಕೆಗೆ ಕೊಡುತ್ತೀಯಾ ಎಂದು ಕೇಳಿದರೆ ತರಗತಿಯೇ ನಗುತ್ತದೆ. ನ್ಯಾಯಾಲಯಕ್ಕೆ ಹೋಗುವವರು ಯಾರೂ ಇಲ್ಲ, ಆದರೂ ಅದು ತಪ್ಪೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಿರುವುಮುರುವೂ ಉಂಟು: ಈಗಿನ ಲೇಖಕರ ಇಡೀ ಪುಸ್ತಕವನ್ನು, ಅವರ ಹೆಸರನ್ನು ದೊಡ್ಡದಾಗಿ ಹಾಕಿಯೇ, ಅನುಮತಿಯಿಲ್ಲದೆ ಅಚ್ಚು ಹಾಕಿ ಮಾರಿದರೆ ಕಾನೂನು ಮುರಿದ ಹಾಗೆ, ಕೃತಿಚೌರ್ಯವಲ್ಲ.

ಪದ ಬದಲಿಸಿದರೆ ಸಾಕೇ ಎಂಬುದು ಮುಂದಿನ ಪ್ರಶ್ನೆ. ‘ಕಣ್ಣು ಉರಿಯುತ್ತದೆ’ ಎಂಬುದನ್ನು ‘ನೇತ್ರಗಳಲ್ಲಿ ಉರಿ ಉಂಟಾಗುತ್ತದೆ’ ಎಂದು ಮಾಡಿದವರನ್ನೂ ನೋಡಿದ್ದೇನೆ. ಕನ್ನಡ ಕೆಟ್ಟಿತು, ಅಷ್ಟೆ. ಉರಿದದ್ದು ಅಕ್ಕನ ಕಣ್ಣೇ.

ಹುಡುಗನಿಗೆ ಸೊನ್ನೆ ಹಾಕಲಿಲ್ಲ. ಚಾರ್ಟ್ ತಿದ್ದುವ ಕೆಲಸವನ್ನು ಅವನಿಗೇ ಕೊಟ್ಟೆ, ಆ ಹುಡುಗಿಗೆ ಎಲ್ಲರ ಎದುರು ಅವನೇ ಉತ್ತರ ಹೇಳಬೇಕೆಂದೂ ಹೇಳಿದೆ. ಬರಹ ತಿದ್ದುವಾಗ ಅವನಿಗೆ ಇನ್ನೊಂದು ಗೊತ್ತಾಯಿತು. ‘ಇದು ನನ್ನ ಅಕ್ಕ 2015ರಲ್ಲಿ ಕಂಡದ್ದು’ ಎಂಬ ಒಂದು ಸಾಲು ಮೇಲೆ ಸೇರಿದ ಕೂಡಲೇ ಅದೇ ಪುಟ ಸಾಕ್ಷ್ಯವಾಯಿತು. ಒಂದು ಕಡೆ ಅಕ್ಕನ ನೊರೆ, ಇನ್ನೊಂದು ಕಡೆ ಹುಡುಗಿಯ ಜೆಸಿಬಿ. ಉಳಿದವರ ಬಳಿ ಇಂಥ ಹೋಲಿಕೆ ಇರಲಿಲ್ಲ.

ಈಗ ಪ್ರಾಜೆಕ್ಟ್ ತಿದ್ದುವಾಗ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆಯುತ್ತೇನೆ: ‘ಇದು ನಿನಗೆ ಹೇಗೆ ಗೊತ್ತು?’ ಬೆಂಗಳೂರು ಕರ್ನಾಟಕದ ರಾಜಧಾನಿ ಎಂಬುದಕ್ಕೆ ಯಾರೂ ಮೂಲ ಹೇಳಬೇಕಿಲ್ಲ. ಯಾರೋ ನಿಂತು ನೋಡಿದ್ದು, ಎಣಿಸಿದ್ದು, ಯೋಚಿಸಿ ಕಂಡುಕೊಂಡದ್ದು ಆಗಿದ್ದರೆ ಅವರ ಹೆಸರನ್ನೂ ಕಾಲವನ್ನೂ ಆ ವಾಕ್ಯದ ಪಕ್ಕದಲ್ಲೇ ಬರೆಸುತ್ತೇನೆ. ಕೊನೆಯ ಪುಟದ ಮೂಲಗಳ ಪಟ್ಟಿಯನ್ನು ಮಕ್ಕಳು ಯಾಂತ್ರಿಕವಾಗಿ ತುಂಬುತ್ತಾರೆ; ಯಾವ ಮಾತು ಯಾರದು ಎಂಬುದು ಅದರಿಂದ ತಿಳಿಯುವುದಿಲ್ಲ.