ಕಿಲೋ ಬೆಲೆಯಿಂದ ತಟ್ಟೆಯ ಬೆಲೆಗೆ: ಹೊಸ ಅಕ್ಕಿ, ಹಳೆ ಅಕ್ಕಿಯ ಲೆಕ್ಕ

ಹಳೆಯ ಅಕ್ಕಿ ತುಟ್ಟಿಯಾದರೂ ಅನ್ನ ಚೆನ್ನಾಗಿ ಒದಗುವುದರಿಂದ ಕೊನೆಗೆ ಅದೇ ಅಗ್ಗ ಎಂಬ ಮಾತನ್ನು ನಾನು ಬಹುಕಾಲ ನಂಬಿದ್ದೆ. ಅದು ಎಷ್ಟರ ಮಟ್ಟಿಗೆ ನಿಜವೆಂದು ತಿಳಿಯಲು ಒಂದೇ ತಳಿಯ ಸಣ್ಣಕ್ಕಿಯನ್ನು, ಈ ಸಲದ ಕೊಯ್ಲಿನದು ಮತ್ತು ಒಂದು ವರ್ಷ ಹಳೆಯದು ಎಂದು ಎರಡು ಬಗೆಯಲ್ಲಿ ತಂದೆ. ತಳಿ ಬೇರೆಯಾದರೆ ವ್ಯತ್ಯಾಸ ತಳಿಯದೋ ವಯಸ್ಸಿನದೋ ಹೇಳಲಾಗುವುದಿಲ್ಲವಾದ್ದರಿಂದ ತಳಿಯನ್ನು ಬದಲಿಸಲಿಲ್ಲ. ಹೊಸದರ ಕಿಲೋ ಬೆಲೆಯನ್ನು 100 ಎಂದಿಟ್ಟುಕೊಂಡರೆ ಹಳೆಯದರ ಬೆಲೆ 118 ಇತ್ತು.

ಕೇರಿ ಆರಿಸಿದ ಅಕ್ಕಿಯನ್ನು ತಲಾ 200 ಗ್ರಾಂ ತೂಗಿ, ತೊಳೆದು, ನೀರು ಪೂರ್ತಿ ಬಸಿದು, ಅದೇ ಪಾತ್ರೆಯಲ್ಲಿ ಅದೇ ಉರಿಯಲ್ಲಿ ಬೇಯಿಸಿದೆ. ಹೊಸದಕ್ಕೆ 400 ಗ್ರಾಂ ನೀರು ಸಾಕಾಯಿತು. ಹಳೆಯದು 500 ಗ್ರಾಂ ಬೇಡಿತು. ಅಕ್ಕಿ ಹಳತಾದಂತೆ ಕಾಳಿನ ಒಳಗಿನ ಪ್ರೋಟೀನು ಮತ್ತು ಕೋಶಗಳ ಗೋಡೆ ಬಿಗಿಯಾಗುವುದರಿಂದ ಅದು ಬೇಯುವಾಗ ಒಡೆಯದೆ ನೀರು ಹೀರಿ ಅರಳುತ್ತದೆ, ಗಂಜಿಗೆ ಬಿಟ್ಟುಕೊಡುವ ಪಿಷ್ಟವೂ ಕಡಿಮೆ. ಉರಿ ಆರಿಸಿ ಹತ್ತು ನಿಮಿಷ ಮುಚ್ಚಿಟ್ಟು ತೂಗಿದಾಗ ಹೊಸ ಅಕ್ಕಿಯ ಅನ್ನ 520 ಗ್ರಾಂ, ಹಳೆಯದರದು 600 ಗ್ರಾಂ ಬಂತು. ಅಂದರೆ ಒಂದು ಕಿಲೋಗೆ ಕ್ರಮವಾಗಿ 2.6 ಮತ್ತು 3 ಕಿಲೋ ಅನ್ನ.

200 ಗ್ರಾಂ ಅನ್ನವನ್ನು ಒಂದು ಬಡಿಸುವಿಕೆ ಎಂದು ಹಿಡಿದರೆ, ಹೊಸದರಲ್ಲಿ 13 ಬಡಿಸುವಿಕೆ ಸಿಕ್ಕು ಒಂದಕ್ಕೆ 7.7 ಬೀಳುತ್ತದೆ, ಹಳೆಯದರಲ್ಲಿ 15 ಸಿಕ್ಕು ಒಂದಕ್ಕೆ 7.9 ಬೀಳುತ್ತದೆ. ಕಿಲೋಗೆ ಶೇಕಡ 18ರಷ್ಟಿದ್ದ ಅಂತರ ಇಲ್ಲಿ ಶೇಕಡ 2ಕ್ಕೆ ಇಳಿಯಿತು. ಬೆಲೆಯ ಅಂತರ ಶೇಕಡ 15ರ ಒಳಗಿದ್ದಿದ್ದರೆ ಹಳೆಯದೇ ಅಗ್ಗವಾಗುತ್ತಿತ್ತು.

ಆದರೆ ಊಟಕ್ಕೆ ಯಾರೂ ತಕ್ಕಡಿ ಹಿಡಿದು ಬಡಿಸುವುದಿಲ್ಲ, ಸೌಟಿನಿಂದಲೋ ಬಟ್ಟಲಿನಿಂದಲೋ ಬಡಿಸುತ್ತಾರೆ. ಹಾಗಾಗಿ ಒಂದೇ ಬಟ್ಟಲನ್ನು ಒತ್ತದೆ ತುಂಬಿ ತೂಗಿದೆ. ಅಂಟಂಟಾಗಿದ್ದ ಹೊಸ ಅಕ್ಕಿಯ ಅನ್ನ 210 ಗ್ರಾಂ ಹಿಡಿಯಿತು. ಉದುರುದುರಾಗಿ ನಡುವೆ ಗಾಳಿ ಉಳಿಸಿಕೊಂಡ ಹಳೆಯದರ ಅನ್ನ 180 ಗ್ರಾಂ ಮಾತ್ರ. ಬಟ್ಟಲಿನ ಲೆಕ್ಕದಲ್ಲಿ ಹೊಸದು 8.1, ಹಳೆಯದು 7.1 ಆಗಿ ತೀರ್ಪು ತಲೆಕೆಳಗಾಯಿತು! ನನ್ನ ಹಳೆಯ ನಂಬಿಕೆ ಸರಿಯೆನಿಸಿ ಸಂತೋಷಪಟ್ಟೆನಾದರೂ ಅದು ಒಂದು ದಿನವೂ ಉಳಿಯಲಿಲ್ಲ, ಏಕೆಂದರೆ ಆ ಬಟ್ಟಲಿನಲ್ಲಿ ನಿಜವಾಗಿ ಎಷ್ಟು ಅಕ್ಕಿ ಇದೆಯೆಂದು ಹಿಂದಕ್ಕೆ ಲೆಕ್ಕ ಹಾಕಿದಾಗ ಹೊಸದರಲ್ಲಿ 81 ಗ್ರಾಂ, ಹಳೆಯದರಲ್ಲಿ 60 ಗ್ರಾಂ ಎಂದು ಗೊತ್ತಾಯಿತು. ಒದಗಿದ್ದೆಲ್ಲ ನೀರು ಮತ್ತು ಗಾಳಿ. ಹಸಿವು ಅದನ್ನು ಎಷ್ಟು ಒಪ್ಪುತ್ತದೆ ಎಂಬುದನ್ನು ಪಾತ್ರೆಯ ಬಳಿ ನಿಂತು ಹೇಳಲಾಗದು.

ಅದಕ್ಕೇ ನಾಲ್ಕು ಜನರ ಮನೆಯಲ್ಲಿ ದಿನಕ್ಕೆರಡು ಊಟದಂತೆ, ಒಂದು ವಾರ ಹೊಸದು, ಮರುವಾರ ಹಳೆಯದು ಬೇಯಿಸಿ, ಡಬ್ಬಿಯಿಂದ ಖರ್ಚಾದ ಅಕ್ಕಿಯನ್ನು ತೂಗಿದೆ. 56 ಊಟಗಳಿಗೆ ಹೊಸದು 5.6 ಕಿಲೋ ಹಿಡಿಯಿತು, ಹಳೆಯದು 5 ಕಿಲೋ. ಬಟ್ಟಲಿನ ಲೆಕ್ಕ ಸೂಚಿಸಿದ ಕಾಲುಭಾಗದ ಉಳಿತಾಯ ಬರಲಿಲ್ಲ, ಎರಡನೆಯ ಸಲ ಬಡಿಸಿಕೊಂಡವರು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿಂದುಹಾಕಿದ್ದರು. ಒಂದು ಊಟಕ್ಕೆ ಹೊಸದು 10, ಹಳೆಯದು 10.5. ನಾನು ನಂಬುವುದು ಈ ಮೂರನೆಯ ಸಂಖ್ಯೆಯನ್ನು. ದಪ್ಪಕ್ಕಿಯನ್ನೂ ಹೀಗೆಯೇ ಒಂದು ವಾರ ನೋಡಿದೆ. 80ರ ಬೆಲೆಯ ಅದು 5.8 ಕಿಲೋ ಖರ್ಚಾಗಿ ಊಟಕ್ಕೆ 8.3 ಬಿತ್ತು, ವಯಸ್ಸಿಗಿಂತ ತಳಿಯ ಬೆಲೆಯೇ ಹೆಚ್ಚು ತೂಗಿತು.

ಈ ಲೆಕ್ಕವೆಲ್ಲ ಅಕ್ಕಿ ನಿಜವಾಗಿ ಹಳೆಯದಾಗಿದ್ದರೆ ಮಾತ್ರ. ಇದಕ್ಕೂ ಮೊದಲು ಒಮ್ಮೆ ಹಳೆಯದೆಂದು ಕೊಂಡದ್ದಕ್ಕೆ ಎರಡೂವರೆ ಪಟ್ಟು ನೀರಿಟ್ಟಾಗ ಅನ್ನ ಮುದ್ದೆಯಾಗಿ, ಅದರ ನಡುವೆ ಕೆಲವು ಅಗುಳು ಮಾತ್ರ ಬಿಡಿಬಿಡಿಯಾಗಿ ನಿಂತಿದ್ದವು. ಹೊಸದಕ್ಕೆ ಹಳೆಯದನ್ನು ಬೆರೆಸಿದ್ದರೆಂಬುದಕ್ಕೆ ಅದೇ ಗುರುತು. ಈಗ ಕೊಳ್ಳುವ ಮುನ್ನ ನಾಲ್ಕು ಕಾಳು ಅಗಿದು ನೋಡುತ್ತೇನೆ: ಹೊಸದು ಬೇಗ ಹಿಟ್ಟಾಗಿ ಹಲ್ಲಿಗೆ ಅಂಟುತ್ತದೆ, ಹಳೆಯದು ಗಟ್ಟಿಯಾಗಿ ಕಟಕ್ಕೆಂದು ಮುರಿಯುತ್ತದೆ. ಬಣ್ಣದಲ್ಲಿಯೂ ಹಳೆಯದು ಅಚ್ಚ ಬಿಳಿಯಾಗಿರದೆ ತುಸು ಹಳದಿಗೆ ತಿರುಗಿರುತ್ತದೆ. ಅನುಮಾನ ಬಂದರೆ ಅರ್ಧ ಕಿಲೋ ಮಾತ್ರ ತಂದು, ಮೇಲೆ ಹೇಳಿದ 200 ಗ್ರಾಂ ಪರೀಕ್ಷೆ ಮಾಡಿ, ಅನ್ನ 560 ಗ್ರಾಂ ದಾಟದಿದ್ದರೆ ಹಳೆಯದರ ಬೆಲೆ ಕೊಡುವುದಿಲ್ಲ.