ಒಂದು ಪಾಲು ಹಾಲು, ಒಂಬತ್ತು ಪಾಲು ನೀರು

ನಮ್ಮ ಕಡೆ ಮುಳ್ಳುಸೌತೆ ಮಳೆಗಾಲದ ಬೆಳೆ. ನಾನು ಮಾತ್ರ ಬಾವಿಯಲ್ಲಿ ನೀರಿದೆಯೆಂಬ ಧೈರ್ಯಕ್ಕೆ ನವೆಂಬರ್ ಕೊನೆಯಲ್ಲೂ ನಾಲ್ಕು ಬಳ್ಳಿ ಹಾಕುತ್ತೇನೆ. ಉಡುಪಿಯ ಮನೆಯ ಹಿತ್ತಿಲಲ್ಲಿ, ಬಾವಿಕಟ್ಟೆಯ ಪಕ್ಕ ಅಡಿಕೆ ಸಲಾಕೆಯ ಚಪ್ಪರ. ಬೂದಿ ರೋಗ ಬರುವುದೂ ಅದೇ ಹೊತ್ತಿಗೆ. ಆಟಿಯ ಜಡಿಮಳೆಗೆ ಎಲೆಯ ಮೇಲಿನ ಬೀಜಕಣಗಳು ತೊಳೆದುಹೋಗುತ್ತವೆ. ರಾತ್ರಿ ಮಂಜು, ಮಧ್ಯಾಹ್ನ ಒಣ ಗಾಳಿ ಇರುವ ದಿನಗಳೇ ಈ ಶಿಲೀಂಧ್ರಕ್ಕೆ ಹಬ್ಬ. ಎಲೆ ಒದ್ದೆಯಾಗಿರಬೇಕೆಂದೂ ಇಲ್ಲ, ಗಾಳಿಯಲ್ಲಿ ಬಂದು ಕೂತರೆ ಸಾಕು.

ಮೊದಲ ವರ್ಷ ಎಲೆಯ ಮೇಲೆ ಬಿಳಿ ಕಂಡಾಗ ಪಕ್ಕದ ಮನೆಯ ಅಕ್ಕ, "ಎಂತ ಮಾರಾಯ, ಒಲೆಯ ಬೂದಿ ಹಾಕಿದ್ದಾ?" ಅಂತ ಕೇಳಿದ್ದರು. ಹಾಕಿರಲಿಲ್ಲ. ಆದರೆ ಹಾಕಿದರೆ ಒಳ್ಳೆಯದೇನೋ ಅನ್ನಿಸಿ ಮರುದಿನ ಹಾಕಿದೆ! ಯಾವುದು ರೋಗ, ಯಾವುದು ಒಲೆಯ ಬೂದಿ ಅಂತ ಗೊತ್ತಾಗದ ಹಾಗೆ ಆಯಿತು, ಅಷ್ಟೇ ಲಾಭ.

ಆಮೇಲೆ ಹಾಲಿನ ವಿಷಯ ತಿಳಿಯಿತು. ಬ್ರೆಜಿಲ್‌ನ ವಾಗ್ನರ್ ಬೆಟ್ಟಿಯೋಲ್ ಎಂಬ ವಿಜ್ಞಾನಿ, ಹಸಿರುಮನೆಯಲ್ಲಿ ಬೆಳೆದ ಸುಕಿನಿ ಗಿಡಕ್ಕೆ ನೀರು ಬೆರೆಸಿದ ಹಸುವಿನ ಹಾಲು ಸಿಂಪಡಿಸಿ ಬೂದಿ ರೋಗ ತಗ್ಗಿದ್ದನ್ನು 1999ರಲ್ಲಿ ಪ್ರಕಟಿಸಿದ್ದರು. ಸುಕಿನಿಯೂ ನಮ್ಮ ಕುಂಬಳ, ಸೌತೆಯ ಕುಟುಂಬದ್ದೇ. ನಾನು ಮಾಡಿದ ತಪ್ಪೆಂದರೆ, ಜಾಸ್ತಿ ಹಾಕಿದರೆ ಜಾಸ್ತಿ ಗುಣವೆಂದು ಹಾಲು ನೀರು ಸಮಸಮ ಬೆರೆಸಿದ್ದು. ಅದೂ ಗಟ್ಟಿ ಹಾಲು, ಅದೂ ಸಂಜೆ. ಬೆಳಗ್ಗೆ ಚಪ್ಪರದಡಿ ಹುಳಿ ನಾತ, ಬಳ್ಳಿಯ ತುಂಬ ಇರುವೆ. ನಾಲ್ಕೈದು ದಿನದಲ್ಲಿ ಎಲೆಯ ಮೇಲೆ ಒಣಗಿದ ಹಾಲಿನ ಕೆನೆಗೆ ಕಪ್ಪು ಬೂಷ್ಟು ಹಿಡಿದಿತ್ತು.

ಮರುವರ್ಷ ಅಳತೆ ಇಟ್ಟುಕೊಂಡೆ. ಒಂದು ಲೀಟರಿನ ಕೈಪಂಪಿಗೆ 100 ಮಿಲಿ ಹಾಲು, 900 ಮಿಲಿ ನೀರು. ಹಾಲು ಕಾಯಿಸಿ ಆರಿಸಿ ಕೆನೆ ತೆಗೆದು, ಬಟ್ಟೆಯಲ್ಲಿ ಸೋಸುತ್ತೇನೆ. ಇಲ್ಲವಾದರೆ ಪಂಪಿನ ಮೂತಿ ಕಟ್ಟುತ್ತದೆ. ಮಂಜು ಆರಿದ ಮೇಲೆ, ಬಿಸಿಲು ಚೆನ್ನಾಗಿ ಬಿದ್ದ ಹೊತ್ತಿಗೆ, ಸುಮಾರು ಎಂಟೂವರೆಗೆ ಸಿಂಪಡಿಸುವುದು. ಹಾಲಿನ ಅಂಶಗಳು ಬಿಸಿಲಿಗೆ ಸಿಕ್ಕಿದಾಗಲೇ ಶಿಲೀಂಧ್ರಕ್ಕೆ ಪೆಟ್ಟು ಹೆಚ್ಚು ಎನ್ನುತ್ತಾರೆ, ಎಲೆಯೂ ಬೇಗ ಒಣಗುತ್ತದೆ. ಎಲೆಯ ಅಡಿಭಾಗಕ್ಕೂ ತಾಗಬೇಕು. ಚಪ್ಪರವಾದ್ದರಿಂದ ಕೆಳಗೆ ನಿಂತು ಮೇಲಕ್ಕೆ ಹೊಡೆದರಾಯಿತು, ಅರ್ಧ ನಮ್ಮ ತಲೆಗೆ ಬೀಳುತ್ತದೆ. ವಾರಕ್ಕೊಮ್ಮೆ ಇದೇ ಕೆಲಸ. ನಡುವೆ ಮಳೆ ಬಂದರೆ ಮತ್ತೊಮ್ಮೆ.

ಆ ಸಲ ಬುಡದ ಹಳೆಯ ಎಲೆಗಳಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕಿ ಕಂಡ ದಿನವೇ ಶುರುಮಾಡಿದೆ. ಹೆಚ್ಚು ಬಿಳಿಯಾದ ಐದಾರು ಎಲೆ ಕತ್ತರಿಸಿ ಬಚ್ಚಲ ಒಲೆಗೆ ಹಾಕಿದೆ. ಮೂರು ಬಳ್ಳಿಗೆ ಹಾಲು, ತುದಿಯ ಒಂದಕ್ಕೆ ಏನೂ ಇಲ್ಲ. ಮೂರು ವಾರವಾಗುವಾಗ ತುದಿಯ ಬಳ್ಳಿಯ ನಡುವಿನ ಎಲೆಗಳು ಪೂರ್ತಿ ಬಿಳಿ, ಅಂಚು ಹಳದಿಯಾಗಿ ಮುದುಡಿದ್ದವು. ಹಾಲು ಬಿದ್ದ ಬಳ್ಳಿಗಳಲ್ಲಿ ಮೊದಲೇ ಇದ್ದ ಕಲೆಗಳು ಹಾಗೆಯೇ ಉಳಿದಿದ್ದವು, ಆದರೆ ಹೊಸ ಎಲೆಗಳು ಹಸಿರಾಗಿ ಬಂದವು. ಹಾಲು ಮುಂದೆ ಹಬ್ಬುವುದನ್ನು ತಡೆಯುತ್ತದೆ, ಹಾಳಾದ ಎಲೆಯನ್ನು ಸರಿಮಾಡುವುದಿಲ್ಲ. ಆಗ ಆಸೆಗೆ ತುದಿಯ ಬಳ್ಳಿಗೂ ಎರಡು ಸಲ ಹೊಡೆದು ನೋಡಿದೆ. ತಡವಾಗಿತ್ತು. ಕಿತ್ತು ಸುಟ್ಟೆ.

ಇನ್ನೊಂದು ಗೊಂದಲ. ಎಲೆಯ ಮೇಲೆ ನರಗಳ ನಡುವೆ ಮೂಲೆ ಮೂಲೆಯಾದ ಹಳದಿ ಚೌಕ, ಅದರ ಅಡಿಯಲ್ಲಿ ಬೂದುಬಣ್ಣದ ಬೂಜು ಕಂಡರೆ ಅದು ಬೂಜು ತುಪ್ಪಟ ರೋಗ. ತೇವ ಹೆಚ್ಚಿದ್ದಾಗ ಬರುವಂಥದ್ದು, ಹಾಲನ್ನು ನಂಬಿ ಕೂತರೆ ಬಳ್ಳಿ ಹೋಗುತ್ತದೆ. ಬೂದಿ ರೋಗದ ಬಿಳಿ ಬೆರಳಲ್ಲಿ ಉಜ್ಜಿದರೆ ಹಿಟ್ಟಿನ ಹಾಗೆ ಅಂಟಿಕೊಳ್ಳುತ್ತದೆ.

ಗಂಧಕದ ಪುಡಿ ಹಾಕು ಎಂದವರೂ ಇದ್ದಾರೆ. ಸೌತೆಯ ಎಲೆ ಗಂಧಕಕ್ಕೆ ಸುಡುತ್ತದೆ, ಅದರಲ್ಲೂ ನಮ್ಮ ಮಧ್ಯಾಹ್ನದ ಸೆಕೆಗೆ. ನಾನು ಮುಟ್ಟಲಿಲ್ಲ.

ಕಳೆದ ವಾರ ಅದೇ ಅಕ್ಕ ಲೋಟ ಹಿಡಿದು ಬಂದರು, ಅವರ ಚೀನಿಕಾಯಿ ಬಳ್ಳಿಗೂ ಬೂದಿ ಬಂತಂತೆ, ಸ್ವಲ್ಪ ಹಾಲು ನೀರು ಕೊಡು ಅಂತ. ಹೋಗಿ ನೋಡಿದೆ. ನರಗಳು ಕವಲೊಡೆಯುವಲ್ಲಿ ಬೆಳ್ಳಿ ಬಣ್ಣದ ಮಚ್ಚೆ, ಎಲ್ಲ ಎಲೆಯಲ್ಲೂ ಒಂದೇ ಜಾಗದಲ್ಲಿ. ಬೆರಳಲ್ಲಿ ಉಜ್ಜಿದೆ, ಏನೂ ಬರಲಿಲ್ಲ. ಅದು ಕೆಲವು ಚೀನಿಕಾಯಿ ತಳಿಯ ಹುಟ್ಟು ಬಣ್ಣ. "ಹಾಲು ಚಾಯಕ್ಕೆ ಹಾಕಿ ಅಕ್ಕ" ಅಂದೆ.