ಹಿಮಾಲಯ ಕಂಡ ತಕ್ಷಣ ‘ದಿ’ ಒತ್ತುತ್ತಿದ್ದೆ: ಆ ಚಾಳಿ ಬಿಟ್ಟ ನನ್ನ ಅನುಭವ

ಮೂರು ಸಲ ಸ್ಪರ್ಧಾತ್ಮಕ ಪರೀಕ್ಷೆ ಬರೆದೆ. ಮೂರೂ ಸಲ ಇಂಗ್ಲಿಷ್ ಭಾಗದಲ್ಲೇ, ಅದರಲ್ಲೂ ಖಾಲಿ ಜಾಗಕ್ಕೆ ಎ, ಆ್ಯನ್, ದಿ ಅನ್ನೋ ಆರ್ಟಿಕಲ್ ತುಂಬುವ ಪ್ರಶ್ನೆಗಳಲ್ಲಿ ಕೈ ಸುಟ್ಟುಕೊಂಡೆ. ಪ್ರತಿ ಸಲದ ಅರ್ಜಿ ಶುಲ್ಕ, ಪ್ರಯಾಣದ ಖರ್ಚು, ಅದರ ಮೇಲೆ ಒಂದು ಕೋಚಿಂಗ್ ಕ್ಲಾಸ್. ಆ ಕ್ಲಾಸಿಗೇ ಹೆಚ್ಚುಕಡಿಮೆ ಎರಡು ತಿಂಗಳ ಸಂಬಳ ಹೋಯಿತು. ಅಲ್ಲಿ ಕೊಟ್ಟಿದ್ದು ಏನು ಗೊತ್ತಾ? ಒಂದು ಪಟ್ಟಿ. ನದಿಗೆ ದಿ, ಪರ್ವತ ಶ್ರೇಣಿಗೆ ದಿ, ಹೈಯೆಸ್ಟ್ ಥರದ ಸೂಪರ್‌ಲೇಟಿವ್‌ಗೆ ದಿ, ಸೆಕೆಂಡ್ ಥರದ ಆರ್ಡಿನಲ್‌ಗೆ ದಿ, ಸೂರ್ಯ ಚಂದ್ರರಿಗೆ ದಿ. ಅದೆಲ್ಲ ನಿಮಗೂ ಗೊತ್ತಿರುತ್ತದೆ, ಇಲ್ಲಿ ಮತ್ತೆ ಬರೆಯೋದಿಲ್ಲ. ನನಗೂ ಅದು ಬಾಯಿಪಾಠವಾಗಿತ್ತು. ಆದರೂ 40 ಪ್ರಶ್ನೆಗಳ ಅಭ್ಯಾಸ ಪತ್ರಿಕೆಯಲ್ಲಿ 22, 23 ದಾಟುತ್ತಿರಲಿಲ್ಲ.

ತಪ್ಪಿದ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಬುಕ್‌ಗೆ ಇಳಿಸಿಕೊಂಡೆ. ಸುಮಾರು 200 ಆಗಿರಬೇಕು. ಒಂದು ಭಾನುವಾರ ಪೂರ್ತಿ ಕೂತು ನೋಡಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಪಟ್ಟಿಯ ಪದ ಇಲ್ಲದ ಕಡೆ ನಾನು ಅಷ್ಟಾಗಿ ತಪ್ಪುತ್ತಿರಲಿಲ್ಲ. ಪಟ್ಟಿಯ ಪದ ಇದ್ದ ಕಡೆಯೇ ಜಾಸ್ತಿ ತಪ್ಪು. ನದಿಯ ಹೆಸರು ಕಂಡರೆ ಸಾಕು, ಮುಂದೆ ಓದದೆ ದಿ ಒತ್ತುತ್ತಿದ್ದೆ.

ನನ್ನ ಕಣ್ಣು ತೆರೆಸಿದ ಪ್ರಶ್ನೆ ಇದು. ‘___ ಕಾಂಚನಜುಂಗಾ, ___ ಹಿಮಾಲಯನ್ ಪೀಕ್, ಈಸ್ ___ ಥರ್ಡ್ ಹೈಯೆಸ್ಟ್ ಮೌಂಟನ್ ಇನ್ ___ ವರ್ಲ್ಡ್.’ ಮೊದಲ ಸಲ ನಾನು ಆರಿಸಿದ್ದು: ಏನೂ ಬೇಡ, ದಿ, ದಿ, ದಿ. ಒಂಟಿ ಶಿಖರಕ್ಕೆ ಆರ್ಟಿಕಲ್ ಇಲ್ಲ ಅನ್ನೋದು ನೆನಪಿತ್ತು, ಮೊದಲನೆಯದು ಸರಿ. ಎರಡನೆಯದರಲ್ಲಿ ಹಿಮಾಲಯ ಕಂಡಿತು, ದಿ ಹಾಕಿದೆ. ಅಲ್ಲಿ ಬರಬೇಕಿದ್ದದ್ದು ಎ.

ಯಾಕೆ ಅಂದರೆ ಆ ಆರ್ಟಿಕಲ್ ಹಿಮಾಲಯದ್ದಲ್ಲ, ಪೀಕ್‌ನದು. ಹಿಮಾಲಯನ್ ಅನ್ನೋದು ಅಲ್ಲಿ ಬರೀ ವಿಶೇಷಣ. ಹಿಮಾಲಯದಲ್ಲಿ ಶಿಖರಗಳು ಎಷ್ಟೋ ಇವೆ, ಅದರಲ್ಲಿ ಇದೂ ಒಂದು. ಹಾಗಾಗಿ ಎ. ಅದೇ ‘ಲೈಸ್ ಇನ್ ___ ಹಿಮಾಲಯಾಸ್’ ಅಂತಿದ್ದರೆ ಆರ್ಟಿಕಲ್ ಶ್ರೇಣಿಯದೇ, ಆಗ ದಿ. ‘___ ಹಿಮಾಲಯನ್ ಪೀಕ್ಸ್ ಅಟ್ರ್ಯಾಕ್ಟ್ ಕ್ಲೈಂಬರ್ಸ್’ ಅಂತ ಬಹುವಚನದಲ್ಲಿ ಸಾಮಾನ್ಯವಾಗಿ ಹೇಳಿದರೆ ಏನೂ ಬೇಡ. ಹಿಮಾಲಯ ಮೂರು ಕಡೆಯೂ ಇದೆ, ಉತ್ತರ ಮೂರು ಥರ.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಖಾಲಿ ಜಾಗದಿಂದ ಬಲಕ್ಕೆ ಹೋಗುತ್ತೇನೆ. ಆ ಪದಗುಂಪಿನ ಕೊನೆಯ ನಾಮಪದ ಸಿಗುವ ತನಕ ನಿಲ್ಲೋದಿಲ್ಲ. ಅದಕ್ಕೆ ನಾನು ‘ಯಜಮಾನ’ ಅಂತ ಹೆಸರಿಟ್ಟಿದ್ದೇನೆ. ಪೆನ್ನಿನಿಂದ ಯಜಮಾನನ ಕೆಳಗೆ ಗೆರೆ, ಆಮೇಲೆ ಮಾತ್ರ ಆಯ್ಕೆ ನೋಡೋದು. ಸ್ನೇಹಿತರು ಇಷ್ಟೆಲ್ಲ ಮಾಡುತ್ತ ಕೂತರೆ ಟೈಮ್ ಎಲ್ಲಿ ಸಾಕಾಗುತ್ತೆ, ಸುಮ್ನೆ ಪಟ್ಟಿ ಉರು ಹೊಡಿ ಅಂದರು. ಮೊದಲ ವಾರ ನಿಜಕ್ಕೂ ನಿಧಾನವಾಯಿತು. ಮೂರನೇ ವಾರಕ್ಕೆ ಪ್ರಶ್ನೆಗೆ 15 ಸೆಕೆಂಡ್‌ ಸಾಕಾಗುತ್ತಿತ್ತು.

ಒಮ್ಮೆ ‘ಶಿ ಜಾಯಿನ್ಡ್ ___ ಅಮೆಜಾನ್ ಎಕ್ಸ್‌ಪೆಡಿಷನ್’ ಅಂತ ಬಂತು. ಆಯ್ಕೆಗಳಲ್ಲಿ ದಿ ಇರಲೇ ಇಲ್ಲ. ಎ, ಆ್ಯನ್, ಏನೂ ಬೇಡ, ಮೂರೇ. ಪಟ್ಟಿಯವರು ಗಾಬರಿಯಾದರು. ಯಜಮಾನ ಎಕ್ಸ್‌ಪೆಡಿಷನ್, ಒಂದೇ ಒಂದು, ಯಾವುದೋ ಒಂದು. ಪಕ್ಕದ ಪದ ಸ್ವರದಿಂದ ಶುರು, ಆ್ಯನ್. ಗಮನಿಸಿ: ಎ ಬೇಕೋ ದಿ ಬೇಕೋ ಅನ್ನೋದನ್ನು ಯಜಮಾನ ಹೇಳುತ್ತಾನೆ, ಎ ಹೋಗಿ ಆ್ಯನ್ ಆಗಬೇಕೋ ಅನ್ನೋದನ್ನು ಪಕ್ಕದ ಪದ ಹೇಳುತ್ತದೆ. ಇವೆರಡನ್ನೂ ಬೆರೆಸಿ ನಾನು ಬಹಳ ಮಾರ್ಕ್ಸ್ ಕಳೆದುಕೊಂಡಿದ್ದೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ, ‘ಒಂದು’ ಅಥವಾ ‘ಒಬ್ಬ’ ಕೂತರೆ ಎ, ಕೂರದಿದ್ದರೆ ದಿ. ಪೂರ್ತಿ ಕೈಕೊಟ್ಟಿತು. ‘ಅವರು ಡಾಕ್ಟರ್’ ಅಂತೀವಿ, ಒಬ್ಬ ಅಂತ ಸೇರಿಸೋದಿಲ್ಲ, ಇಂಗ್ಲಿಷಿನಲ್ಲಿ ಎ ಬೇಕೇ ಬೇಕು. ಹತ್ತು ದಿನ ಹಾಳಾಯಿತು.

ಆದರೆ ಆರ್ಡಿನಲ್‌ಗೆ ಕನ್ನಡ ಅದ್ಭುತವಾಗಿ ಕೆಲಸ ಮಾಡಿತು. ‘ಹಿ ಡಿಸರ್ವ್ಸ್ ___ ಸೆಕೆಂಡ್ ಚಾನ್ಸ್.’ ಇದನ್ನು ನಾವು ಕನ್ನಡದಲ್ಲಿ ‘ಇನ್ನೊಂದು ಅವಕಾಶ’ ಅಂತೀವಿ. ‘ದಿಸ್ ಈಸ್ ___ ಸೆಕೆಂಡ್ ಚಾಪ್ಟರ್ ಆಫ್ ದಿ ಬುಕ್.’ ಇದು ‘ಎರಡನೇ ಅಧ್ಯಾಯ’. ‘ಇನ್ನೊಂದು’ ಸಹಜವಾಗಿ ಬಂದರೆ ಎ, ‘ಎರಡನೇ’ ಅಂತಲೇ ಹೇಳಬೇಕಾದರೆ ದಿ. ‘ಶಿ ಕೇಮ್ ಫಸ್ಟ್ ಇನ್ ದಿ ರೇಸ್’ ಥರದ್ದು ಬಂದರೆ ಫಸ್ಟ್ ಮುಂದೆ ಯಜಮಾನನೇ ಇಲ್ಲ, ಅದು ಕ್ರಿಯೆಗೆ ಅಂಟಿಕೊಂಡಿದೆ, ಏನೂ ಬೇಡ. ಈ ಪರೀಕ್ಷೆ ನಾನೇ ಕಂಡುಕೊಂಡಿದ್ದು. ನನ್ನ ಜೊತೆ ಓದುತ್ತಿದ್ದ ಐದಾರು ಜನ ಈಗ ಇದನ್ನೇ ಬಳಸುತ್ತಾರೆ.

ಸೂಪರ್‌ಲೇಟಿವ್ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿತು. ‘ದಿ ರಿವರ್ ಈಸ್ ___ ಡೀಪೆಸ್ಟ್ ಅಂಡರ್ ದಿ ಬ್ರಿಡ್ಜ್.’ ದಿ ಹಾಕಿದೆ, ತಪ್ಪು. ಇಲ್ಲಿ ನದಿಯನ್ನು ಬೇರೆ ನದಿಗಳ ಜೊತೆ ಹೋಲಿಸುತ್ತಿಲ್ಲ. ಅದೇ ನದಿಯ ಒಂದು ಜಾಗವನ್ನು ಇನ್ನೊಂದು ಜಾಗದ ಜೊತೆ ಹೋಲಿಸುತ್ತಿದ್ದಾರೆ. ಆಗ ಆರ್ಟಿಕಲ್ ಬೇಡ. ಡೀಪೆಸ್ಟ್ ಆದಮೇಲೆ ರಿವರ್ ಅಂತ ಸೇರಿಸಿ ನೋಡಿ: ಅರ್ಥ ಕೆಡುತ್ತದೆ, ಅಲ್ವಾ? ಯಜಮಾನನನ್ನು ಸೇರಿಸಿದಾಗ ಅರ್ಥ ನಿಂತರೆ ದಿ. ಇದಕ್ಕೊಂದು ಮಿತಿ ಇದೆ. ‘ವಿಚ್ ಮೌಂಟನ್ ಈಸ್ ___ ಹೈಯೆಸ್ಟ್?’ ಥರದ ವಾಕ್ಯಕ್ಕೆ ದಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಎರಡೂ ಆಯ್ಕೆ ಕೊಟ್ಟಿದ್ದರೆ ನಾನು ದಿ ಆರಿಸುತ್ತೇನೆ, ಪ್ರಶ್ನೆ ಮಾಡುವವರ ತಲೆಯಲ್ಲಿ ಇರೋದು ಪಟ್ಟಿಯೇ.

ಚಂದ್ರನ ವಿಷಯ ಬೇಗ ಮುಗಿಸುತ್ತೇನೆ. ಬರೀ ಚಂದ್ರ ಅಂದರೆ ದಿ. ‘ದೇರ್ ವಾಸ್ ___ ಫುಲ್ ಮೂನ್’ ಅಂದರೆ ಎ, ಹುಣ್ಣಿಮೆ ಎಷ್ಟು ಸಲ ಬೇಕಾದರೂ ಬರುತ್ತದೆ. ಜುಪಿಟರ್, ವೀನಸ್ ಒಂದೊಂದೇ ಇದ್ದರೂ ಅವು ಹೆಸರುಗಳು, ಏನೂ ಬೇಡ.

ನಾಲ್ಕು ಖಾಲಿ ಜಾಗದ ಪ್ರಶ್ನೆಯಲ್ಲಿ ಮೊದಲನೆಯದರಿಂದ ಶುರು ಮಾಡಬೇಡಿ. ಕಾಂಚನಜುಂಗಾ ವಾಕ್ಯದಲ್ಲಿ ನಾನೀಗ ಮೊದಲು ನೋಡೋದು ಕೊನೆಯ ವರ್ಲ್ಡ್, ಅಲ್ಲಿ ಅನುಮಾನವೇ ಇಲ್ಲ. ಆಮೇಲೆ ಥರ್ಡ್ ಹೈಯೆಸ್ಟ್. ಅಷ್ಟರಲ್ಲಿ ಸಾಮಾನ್ಯವಾಗಿ ಎರಡು ಆಯ್ಕೆ ಉದುರಿರುತ್ತವೆ. ಉಳಿದ ಎರಡರಲ್ಲಿ ಯಾವುದು ಬೇರೆಯೋ ಆ ಜಾಗಕ್ಕೆ ಮಾತ್ರ ಯಜಮಾನನನ್ನು ಹುಡುಕುತ್ತೇನೆ. ಆ ಎರಡು ಆಯ್ಕೆಗಳನ್ನು ನೋಡಿಯೇ ಪ್ರಶ್ನೆ ಮಾಡಿದವರ ಬಲೆ ಎಲ್ಲಿದೆ ಅಂತ ಹಿಡಿಯೋ ಒಂದು ಉಪಾಯವೂ ಇದೆ. ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಂಡಿರುತ್ತೇನೆ.

ನಾಲ್ಕನೇ ಸಲ ಪರೀಕ್ಷೆಯಲ್ಲಿ ಇಂಗ್ಲಿಷ್ ಪಾಸಾಯಿತು. ಈಗ 40ಕ್ಕೆ 37, 38 ಬರುತ್ತದೆ. ಉಳಿದ ತಪ್ಪುಗಳು ಮ್ಯಾಟರ್‌ಹಾರ್ನ್, ಐಗರ್ ಥರದವು: ಒಂಟಿ ಶಿಖರವಾದರೂ ಇವಕ್ಕೆ ದಿ ಬರುತ್ತದೆ, ಯಜಮಾನನನ್ನು ಹುಡುಕಿದರೂ ಉತ್ತರ ಸಿಗೋದಿಲ್ಲ. ಅವನ್ನು ಮಾತ್ರ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಬರೆದು ಉರು ಹೊಡೆಯುತ್ತಿದ್ದೇನೆ.